ಉದ್ಯಮಬಾಗ್ ಗೆಳೆಯರಿಗೆ: ತರಿಸಿದ ಮಾಲಿನ ನಿಜವಾದ ರೇಟು ಹೀಗೆ ತೆಗೀರಿ

ಹೊರದೇಶದಿಂದ 100 ಬೇರಿಂಗ್ ತರಿಸುತ್ತೀರಿ. ಹಡಗಿನ ಬಾಡಿಗೆ, ವಿಮೆ ಸೇರದ ಎಫ್‌ಒಬಿ ಇನ್‌ವಾಯ್ಸ್ 9,40,000 ರೂಪಾಯಿ. ಹಾಗಂತ ಒಂದಕ್ಕೆ 9,400 ಅಂತ ಗಿರಾಕಿಗೆ ರೇಟು ಹೇಳಬೇಡಿ.

ಹಡಗಿನ ಬಾಡಿಗೆ 55,000, ವಿಮೆ 5,000 ಸೇರಿದರೆ 10,00,000. ಸುಂಕ ಬೀಳುವುದು ಈ ಮೊತ್ತದ ಮೇಲೆ. ಮೂಲ ಸುಂಕ 7.5% ಇದ್ದರೆ 75,000. ಅದರ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 7,500. ಬಂದರಿನ ಖರ್ಚು, ಕ್ಲಿಯರಿಂಗ್ ಏಜೆಂಟ್, ನಾವಾ ಶೇವಾದಿಂದ ಬೆಳಗಾವಿಗೆ ಲಾರಿ, ಜಿಎಸ್‌ಟಿ ಬಿಟ್ಟು 47,500 ಅಂದುಕೊಳ್ಳಿ. ಒಟ್ಟು 11,30,000. ಒಂದು ಬೇರಿಂಗ್ 11,300 ಆಯ್ತು.

ಆ 10,00,000ಕ್ಕೆ ಸುಂಕ, ಸರ್‌ಚಾರ್ಜ್ ಸೇರಿಸಿದ 10,82,500ರ ಮೇಲೆ 18% ಐಜಿಎಸ್‌ಟಿ, ಅಂದರೆ 1,94,850 ಕೂಡ ಕಟ್ಟಬೇಕು. ಕ್ರೆಡಿಟ್ ಸಿಗುವವರು ಅದನ್ನು ರೇಟಿಗೆ ಸೇರಿಸಬೇಡಿ, ಸುಮ್ನೆ ದುಬಾರಿ ಕಾಣುತ್ತೀರಿ. ಆದರೆ ಮಾಲು ಬಿಡಿಸುವ ದಿನ ಅಷ್ಟು ದುಡ್ಡು ಕೈಯಲ್ಲಿರಬೇಕು.

ಬಾಡಿಗೆ ಮತ್ತು ವಿಮೆಯ ಕಾಗದ ಮೊದಲೇ ಏಜೆಂಟ್‌ಗೆ ಕೊಡಿ. ಅವು ಇಲ್ಲದಿದ್ದರೆ ಕಸ್ಟಮ್ಸ್ ಎಫ್‌ಒಬಿಯ 20% ಬಾಡಿಗೆ, 1.125% ವಿಮೆ ಅಂತ ಹಿಡಿಯುತ್ತದೆ. ಇಲ್ಲಿ ಬಾಡಿಗೆಯೇ 1,88,000 ಆಗಿಬಿಡುತ್ತದೆ! ಸುಂಕ ಸುಮಾರು 11,400 ಜಾಸ್ತಿ, ಅದಕ್ಕೆ ಕ್ರೆಡಿಟ್ ಕೂಡ ಇಲ್ಲ. ಸುಂಕದ ದರ ಮಾಲಿನ ಎಚ್‌ಎಸ್ ಕೋಡ್ ಮೇಲೆ ಬದಲಾಗುತ್ತದೆ, ಆರ್ಡರ್ ಕೊಡುವ ಮೊದಲೇ ಕೇಳಿಕೊಳ್ಳಿ.