ಬಿಲ್ಲಿನ ಫೋಟೊಗಳಿಂದ ಏಜಿಂಗ್ ಪಟ್ಟಿ: ಯಾವ ಬಾಕಿ ಎಷ್ಟು ಹಳೆಯದು?

ತೀರ್ಥಹಳ್ಳಿಯಲ್ಲಿ ನಮ್ಮ ಭಾವನದೊಂದು ಕೃಷಿ ಸಾಮಾನಿನ ಅಂಗಡಿ ಇದೆ. ಅಡಿಕೆಗೆ ಔಷಧಿ ಹೊಡೆಯುವ ಕಾಲ ಹತ್ತಿರ ಬಂತೆಂದರೆ ಮೈಲುತುತ್ತ, ಸುಣ್ಣ, ಪಂಪು, ಪೈಪು ಎಲ್ಲವೂ ಲೋಡುಗಟ್ಟಲೆ ಬಂದು ಇಳಿಯುತ್ತವೆ. ಹೆಚ್ಚಿನ ಮಾಲು ಬರುವುದು ಉದ್ರಿಯಲ್ಲಿ. ಮಳೆಗಾಲದ ತೇವಕ್ಕೆ ಬಿಲ್ಲುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದಕ್ಕೇ ಭಾವ ಬಿಲ್ಲು ಬಂದ ದಿನವೇ ಫೋಟೊ ತೆಗೆದು ನನಗೆ ಕಳಿಸುತ್ತಾರೆ. 2025ರ ಆಗಸ್ಟ್ ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೈಯಲ್ಲಿ 60 ಸಾವಿರ ಇದೆ, ಮೊದಲು ಯಾರಿಗೆ ಕೊಡಲಿ?"

ಇದಕ್ಕೆ ಉತ್ತರ ಕೊಡುವುದೇ ಏಜಿಂಗ್ ಪಟ್ಟಿ. ಕೊಡಬೇಕಾದ ಬಾಕಿಯನ್ನು ಅದರ ವಯಸ್ಸಿನ ಪ್ರಕಾರ ಐದು ಪಾಲು ಮಾಡಿ ತೋರಿಸುತ್ತದೆ: ಇನ್ನೂ ವಾಯಿದೆ ಬಾರದ್ದು, ವಾಯಿದೆ ಮೀರಿ 30 ದಿನದ ಒಳಗಿನದು, 31ರಿಂದ 60, 61ರಿಂದ 90, ಮತ್ತು 90 ದಾಟಿದ್ದು. ಲೆಕ್ಕ ಕಷ್ಟದ್ದಲ್ಲ. ಫೋಟೊದಿಂದ ತಾರೀಖು ಮತ್ತು ವಾಯಿದೆಯನ್ನು ಸರಿಯಾಗಿ ಎತ್ತಿಕೊಳ್ಳುವುದೇ ನಿಜವಾದ ಕೆಲಸ.

ಫೋಟೊ ತೆಗೆಯುವಾಗ

ಒಂದು ಫೋಟೊಗೆ ಒಂದೇ ಬಿಲ್ಲು. ಕಾಗದವನ್ನು ಮಟ್ಟಸವಾಗಿ ಇಟ್ಟು, ನೇರ ಮೇಲಿನಿಂದ ತೆಗೆಯಿರಿ. ನಾಲ್ಕೂ ಮೂಲೆ ಕಾಣಬೇಕು. ತಾರೀಖು ಸಾಮಾನ್ಯವಾಗಿ ಮೇಲೆ ಬಲಗಡೆ ಇರುತ್ತದೆ. ಆದರೆ ವಾಯಿದೆ ಎಷ್ಟೋ ಬಿಲ್ಲುಗಳಲ್ಲಿ ಕೆಳಗೆ, ಸಹಿಯ ಪಕ್ಕದ ಸಣ್ಣ ಅಕ್ಷರದಲ್ಲಿ ಇರುತ್ತದೆ. ಮೊತ್ತ ಕಂಡರೆ ಸಾಕು ಎಂದು ತೆಗೆದ ಫೋಟೊದಲ್ಲಿ ತುಂಡಾಗಿ ಹೋಗುವುದು ಅದೇ ಸಾಲು.

ಫೋಟೊದಿಂದ ಅಕ್ಷರ ಎತ್ತಲು ಗೂಗಲ್ ಲೆನ್ಸ್ ಸಾಕು. ಬಿಲ್ಲು ಹತ್ತಿಪ್ಪತ್ತೇ ಇದ್ದರೆ ಕಣ್ಣಲ್ಲಿ ನೋಡಿ ಟೈಪ್ ಮಾಡಿದರೂ ಆಯಿತು. ಯಾವ ದಾರಿ ಹಿಡಿದರೂ ಒಂದು ತೊಡಕು ಬಂದೇ ಬರುತ್ತದೆ: ಬಿಲ್ಲಿನಲ್ಲಿ ಒಂದೇ ತಾರೀಖು ಇರುವುದಿಲ್ಲ. ಟ್ಯಾಲಿಯಲ್ಲಿ ಮಾಡಿದ ಬಿಲ್ಲನ್ನೇ ನೋಡಿ. `Dated` ಎಂಬ ಪದ ಅದರಲ್ಲಿ ಎರಡು ಕಡೆ ಇರುತ್ತದೆ. ಒಂದು ಬಿಲ್ಲಿನ ದಿನ, ಇನ್ನೊಂದು ನಾವು ಆರ್ಡರ್ ಕೊಟ್ಟ ದಿನ. ಜೊತೆಗೆ `Delivery Note Date` ಇರುತ್ತದೆ, ಇ-ಇನ್‌ವಾಯ್ಸ್ ಆದರೆ `Ack Date` ಕೂಡ. ಯಂತ್ರ ಸಾಲು ಸಾಲಾಗಿ ಓದುವುದರಿಂದ ಕೆಲವೊಮ್ಮೆ ಹೆಸರುಗಳೆಲ್ಲ ಒಂದು ಕಡೆ, ತಾರೀಖುಗಳೆಲ್ಲ ಇನ್ನೊಂದು ಕಡೆ ಬಂದು ಬೀಳುತ್ತವೆ. ಆಗ ಫೋಟೊ ತೆರೆದು, ಬಿಲ್ ನಂಬರಿನ ಪಕ್ಕದ ಮನೆಯಲ್ಲಿರುವ ತಾರೀಖನ್ನೇ ತೆಗೆದುಕೊಳ್ಳಿ. ಅದರ ಹತ್ತಿರವೇ `Mode/Terms of Payment` ಎಂಬ ಮನೆ ಇದೆ. ವಾಯಿದೆ ಬರೆದಿದ್ದರೆ ಅಲ್ಲೇ ಇರಬೇಕು.

ತಾರೀಖನ್ನು ಎಕ್ಸೆಲ್‌ಗೆ ಹಾಕುವುದು

ಜಾಸ್ತಿ ಜನ ಎಡವುವುದು ಇಲ್ಲೇ, ನಾನೂ ಎಡವಿದ್ದೇನೆ. ಪಂಪಿನ ಬಿಲ್ಲಿನಲ್ಲಿ 05/06/2025 ಎಂದಿತ್ತು. ನಮ್ಮ ಲೆಕ್ಕದಲ್ಲಿ ಅದು ಜೂನ್ 5. ಆದರೆ ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ರೀತಿಯಲ್ಲಿದ್ದರೆ ಎಕ್ಸೆಲ್ ಅದನ್ನು ಮೇ 6 ಎಂದು ಓದುತ್ತದೆ, ಏನೂ ಹೇಳದೆ. ಆ ಬಿಲ್ಲಿನ ವಾಯಿದೆ 45 ದಿನ. ಸರಿಯಾಗಿ ಓದಿದರೆ ಜುಲೈ 20ಕ್ಕೆ ಕೊಡಬೇಕಿತ್ತು, ಆಗಸ್ಟ್ 31ಕ್ಕೆ 42 ದಿನ ತಡ. ತಪ್ಪಾಗಿ ಓದಿದರೆ ಜೂನ್ 20, ಅಂದರೆ 72 ದಿನ ತಡ. 36,000 ರೂಪಾಯಿ ಸುಮ್ನೆ 61–90ರ ಪಾಲಿಗೆ ಜಿಗಿಯುತ್ತದೆ.

ಇದನ್ನು ಕಂಡುಹಿಡಿಯಲು ಒಂದು ಗುರುತಿದೆ. ತಾರೀಖಿನ ಕಾಲಮ್ಮನ್ನು ಮೇಲಿಂದ ಕೆಳಗೆ ನೋಡಿ. ಕೆಲವು ಬಲಕ್ಕೆ, ಕೆಲವು ಎಡಕ್ಕೆ ಅಂಟಿಕೊಂಡಿದ್ದರೆ ಅನುಮಾನ ಪಡಿ. 28/07 ಎಂಬುದನ್ನು ಅಮೆರಿಕದ ರೀತಿಯಲ್ಲಿ ಓದಲು ಆಗುವುದಿಲ್ಲ, 28ನೇ ತಿಂಗಳು ಇಲ್ಲವಲ್ಲ. ಹಾಗಾಗಿ ಎಕ್ಸೆಲ್ ಅದನ್ನು ಬರೀ ಅಕ್ಷರ ಎಂದು ಎಡಕ್ಕೆ ಬಿಡುತ್ತದೆ. ಬಲಕ್ಕೆ ಹೋದವು ಸರಿಯಾದವು ಎಂದು ನಮಗೆ ಅನಿಸುತ್ತದೆ. ಆದರೆ ತಿಂಗಳು ದಿನ ಅದಲುಬದಲಾಗಿರುವುದು ಅವೇ.

ಇದರಿಂದ ತಪ್ಪಿಸಿಕೊಳ್ಳಲು ನಾನು ಎರಡು ಕಾಲಮ್ ಇಡುತ್ತೇನೆ. D ಕಾಲಮ್ಮಿಗೆ ಮೊದಲೇ `Text` ಫಾರ್ಮ್ಯಾಟ್ ಕೊಟ್ಟು, ಬಿಲ್ಲಿನಲ್ಲಿದ್ದ ತಾರೀಖನ್ನು 05-06-2025 ಎಂಬ ಅಳತೆಯಲ್ಲಿ ಹಾಕುತ್ತೇನೆ. ಬಿಲ್ಲಿನಲ್ಲಿ 5-Jun-25 ಎಂದಿದ್ದರೂ ಹೀಗೇ ಬದಲಿಸಿಕೊಳ್ಳಬೇಕು. E ಕಾಲಮ್ಮಿನಲ್ಲಿ ಅದನ್ನು ನಿಜವಾದ ತಾರೀಖು ಮಾಡುವ ಸೂತ್ರ:

```
=DATE(RIGHT(D2,4),MID(D2,4,2),LEFT(D2,2))
```

ವರ್ಷ, ತಿಂಗಳು, ದಿನ ಎಂದು ನಾವೇ ಬಿಡಿಸಿ ಹೇಳುವುದರಿಂದ ಸೆಟ್ಟಿಂಗ್ ಯಾವುದಿದ್ದರೂ ಅದು ಜೂನ್ 5 ಆಗಿಯೇ ಉಳಿಯುತ್ತದೆ.

ಕೈಬರಹದ ಬಿಲ್ಲಿನಲ್ಲಿ 1 ಮತ್ತು 7ರ ಗೊಂದಲ ಬೇರೆ. ಸುಣ್ಣದ ಬಿಲ್ಲಿನಲ್ಲಿದ್ದದ್ದು 11-07ಯೋ 17-07ಯೋ ತಿಳಿಯಲಿಲ್ಲ. ಅದೇ ಬಿಲ್ ಪುಸ್ತಕದ ಹಿಂದಿನ ನಂಬರಿನ ಬಿಲ್ಲು ನಮ್ಮಲ್ಲೇ ಇತ್ತು, ಅದರ ದಿನ ಜುಲೈ 15. ಹಾಗಾದರೆ ಇದು 17 ತಾನೆ!

ವಾಯಿದೆಯನ್ನು ದಿನಕ್ಕೆ ಇಳಿಸುವುದು

F ಕಾಲಮ್ಮಿನಲ್ಲಿ ಬಿಲ್ಲಿನಲ್ಲಿದ್ದ ಮಾತನ್ನು ಹಾಗೇ ಬರೆಯಿರಿ, G ಕಾಲಮ್ಮಿನಲ್ಲಿ ಬರೀ ದಿನದ ಸಂಖ್ಯೆ. `Net 30` ಎಂದರೆ 30. `Immediate` ಅಥವಾ `Due on receipt` ಎಂದರೆ 0. ಬಿಲ್ಲಿನಲ್ಲೇ ಕೊಡಬೇಕಾದ ಕೊನೆಯ ದಿನವೂ ಅಚ್ಚಾಗಿದ್ದರೆ ನಿಮ್ಮ ಲೆಕ್ಕ ಅದಕ್ಕೆ ಹೊಂದುತ್ತದೆಯೇ ನೋಡಿ. ಯಂತ್ರ 30ನ್ನು 80 ಎಂದು ಓದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ವಾಯಿದೆಯೇ ಬರೆಯದ ಬಿಲ್ಲು ಬಂದಾಗ ಮನಸ್ಸಿಗೆ ತೋಚಿದ 30 ಹಾಕಬೇಡಿ. G ಖಾಲಿ ಬಿಟ್ಟು, ಫೋನ್ ಮಾಡಿ ಕೇಳಿ. ಪೈಪಿನ ಬಿಲ್ಲು ಹಾಗೇ ಇತ್ತು. ಕೇಳಿದಾಗ ಅವರು ಉದ್ಯಮ ನೋಂದಣಿ ಇರುವ ಸಣ್ಣ ತಯಾರಕರು ಎಂದು ಗೊತ್ತಾಯಿತು. ಅಂಥವರ ಜೊತೆ ಲಿಖಿತ ಒಪ್ಪಂದ ಇಲ್ಲದಿದ್ದರೆ ಎಂಎಸ್ಎಂಇ ಕಾಯ್ದೆಯ ಪ್ರಕಾರ ಮಾಲು ಒಪ್ಪಿಕೊಂಡ ದಿನದಿಂದ 15 ದಿನದೊಳಗೆ ಹಣ ಕೊಡಬೇಕು. ಒಪ್ಪಂದ ಇದ್ದರೂ 45 ದಿನ ದಾಟುವಂತಿಲ್ಲ. ಮಾಲು ಬಿಲ್ಲಿನ ದಿನವೇ ಬಂದಿದ್ದರಿಂದ G ಕಾಲಮ್ಮಿಗೆ 15 ಹಾಕಿದೆ.

ಸೂತ್ರಗಳು

H ಬಿಲ್ಲಿನ ಮೊತ್ತ, I ಈಗಾಗಲೇ ಕೊಟ್ಟದ್ದು. N1 ಎಂಬ ಒಂದು ಮನೆಯಲ್ಲಿ ಪಟ್ಟಿ ಯಾವ ದಿನಕ್ಕೆ ಎಂಬುದನ್ನು ಹಾಕಿ, ನಮ್ಮದು 2025ರ ಆಗಸ್ಟ್ 31. ಅಲ್ಲಿ `TODAY()` ಬೇಡ. ನಾಲ್ಕು ದಿನ ಬಿಟ್ಟು ತೆರೆದರೆ ಅಂಕಿಗಳೆಲ್ಲ ಬದಲಾಗಿ, ಮೊದಲು ಪ್ರಿಂಟ್ ತೆಗೆದ ಕಾಗದಕ್ಕೆ ಹೊಂದುವುದೇ ಇಲ್ಲ.

```
J2  =H2-I2
K2  =IF(G2="","",E2+G2)
L2  =IF(K2="","",$N$1-K2)
```

J ಉಳಿದ ಬಾಕಿ, K ಕೊಡಬೇಕಿದ್ದ ದಿನ, L ಎಷ್ಟು ದಿನ ಮೀರಿದೆ ಎಂಬುದು. K2ರಲ್ಲಿ ಆ `IF` ಏಕೆಂದರೆ, ಖಾಲಿ ಮನೆಯನ್ನು ಎಕ್ಸೆಲ್ ಸೊನ್ನೆ ಎಂದೇ ತಿಳಿಯುತ್ತದೆ. ಅದಿಲ್ಲದಿದ್ದರೆ ವಾಯಿದೆ ಗೊತ್ತಿಲ್ಲದ ಬಿಲ್ಲು ಬಂದ ದಿನವೇ ಕೊಡಬೇಕಾದ್ದು ಎಂದಾಗಿಬಿಡುತ್ತದೆ.

ಪಾಲು ಮಾಡುವ ಸೂತ್ರ ಇದು, 31–60ರ ಪಾಲಿಗೆ:

```
=SUMIFS(J:J,L:L,">30",L:L,"<=60")
```

ಉಳಿದವಕ್ಕೆ ಅಂಕಿ ಬದಲಿಸಿದರೆ ಆಯಿತು. ವಾಯಿದೆ ಬಾರದ್ದಕ್ಕೆ `"<=0"` ಒಂದೇ ಷರತ್ತು, 90 ದಾಟಿದ್ದಕ್ಕೆ `">90"` ಒಂದೇ.

ನಮ್ಮ ಆರು ಬಿಲ್ಲು

ಮೈಲುತುತ್ತ: ಮೇ 12, 30 ದಿನ, 48,500 ರೂಪಾಯಿ. ಜೂನ್ 11ಕ್ಕೆ ಕೊಡಬೇಕಿತ್ತು, 81 ದಿನ ಮೀರಿದೆ. ಪಂಪಿನದು ಆಗಲೇ ಹೇಳಿದೆ, 42 ದಿನ. ಸುಣ್ಣ 9,600, ಕೂಡಲೇ ಕೊಡಬೇಕಾದ್ದು, 45 ದಿನ. ಟಾರ್ಪಾಲು 22,400, ಜುಲೈ 28ರ ಬಿಲ್ಲು, 30 ದಿನದ ವಾಯಿದೆ, ಮೀರಿದ್ದು ಬರೀ 4 ದಿನ. ಗೊಬ್ಬರ 64,000, ಆಗಸ್ಟ್ 20, 60 ದಿನ. ಅದಕ್ಕೆ ಅಕ್ಟೋಬರ್ 19ರವರೆಗೆ ಸಮಯವಿದೆ. ಪೈಪಿನ ಬಿಲ್ಲು ಫೆಬ್ರುವರಿ 24ರದ್ದು, 15,000. ಅದರಲ್ಲಿ 6,000 ಕೊಟ್ಟು 9,000 ಉಳಿದಿದೆ. 173 ದಿನ ಮೀರಿದೆ.

| ಪಾಲು | ಬಾಕಿ (ರೂ.) |
|---|---|
| ವಾಯಿದೆ ಬಾರದ್ದು | 64,000 |
| 1–30 ದಿನ | 22,400 |
| 31–60 ದಿನ | 45,600 |
| 61–90 ದಿನ | 48,500 |
| 90 ದಾಟಿದ್ದು | 9,000 |
| ಒಟ್ಟು | 1,89,500 |

ಈ ಒಟ್ಟು J ಕಾಲಮ್ಮಿನ ಒಟ್ಟಿಗೆ ಸರಿಯಾಗಿ ಹೊಂದಬೇಕು. ಕಡಿಮೆ ಬಂದರೆ ಯಾವುದೋ ಬಿಲ್ಲಿಗೆ ವಾಯಿದೆ ಹಾಕಿಲ್ಲ ಎಂದೇ ಅರ್ಥ. ಎಷ್ಟು ಕಡಿಮೆಯೋ ಅಷ್ಟು ಬಾಕಿ ಇರುವ ಬಿಲ್ಲನ್ನು ಹುಡುಕಿ.

ವಯಸ್ಸನ್ನು ಬಿಲ್ಲಿನ ದಿನದಿಂದಲೇ ಎಣಿಸಬಾರದೇ ಎಂದು ಭಾವ ಕೇಳಿದರು. ಹಾಗೆ ಮಾಡಿದರೆ ಮೊನ್ನೆ ತಾನೆ ವಾಯಿದೆ ಮುಗಿದ ಟಾರ್ಪಾಲು 34 ದಿನ ಹಳೆಯದಾಗಿ ಸುಣ್ಣದ ಪಕ್ಕ ಹೋಗಿ ಕೂರುತ್ತದೆ. ಯಾರಿಗೆ ಮೊದಲು ಕೊಡಬೇಕು ಎಂಬುದಕ್ಕೆ ವಾಯಿದೆ ದಿನವೇ ಸರಿ.

ಆದರೆ ಬಿಲ್ಲಿನ ದಿನದಿಂದ ಎಣಿಸಲೇಬೇಕಾದ ಲೆಕ್ಕವೂ ಒಂದಿದೆ, ಅದು ಜಿಎಸ್‌ಟಿಯದು. ಬಿಲ್ಲಿನ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ಟನ್ನು ಬಾಕಿ ಉಳಿದ ಪಾಲಿಗೆ ತಕ್ಕಂತೆ ವಾಪಸ್ ಮಾಡಬೇಕು. ಹಣ ಕೊಟ್ಟ ಮೇಲೆ ಅದನ್ನು ಮತ್ತೆ ಪಡೆಯಬಹುದು. ವಾಯಿದೆ ಎಷ್ಟೇ ಇದ್ದರೂ ಈ ಎಣಿಕೆ ಬದಲಾಗುವುದಿಲ್ಲ. ಅದಕ್ಕೇ M ಕಾಲಮ್ಮಿನಲ್ಲಿ `=$N$1-E2` ಹಾಕಿ. ಪೈಪಿನ ಬಿಲ್ಲಿಗೆ ಅಲ್ಲಿ 188 ಬಂತು. ಆಗಸ್ಟ್ 23ಕ್ಕೇ 180 ತುಂಬಿತ್ತು. ಹತ್ತು ದಿನ ಮೊದಲೇ ಪಟ್ಟಿ ಮಾಡಿದ್ದರೆ ಇದು ತಪ್ಪುತ್ತಿತ್ತು ಎಂದು ನನಗೆ ಬೇಜಾರಾಯಿತು. ಇನ್ನು ಮೇಲೆ M ಕಾಲಮ್ಮಿನಲ್ಲಿ 150 ದಾಟಿದ ಮನೆ ಕೆಂಪಾಗುವಂತೆ ಮಾಡಿಟ್ಟಿದ್ದೇನೆ.

ಭಾವ ಮರುದಿನವೇ ಪೈಪಿನ 9,000 ಮತ್ತು ಮೈಲುತುತ್ತದ 48,500 ಕೊಟ್ಟರು. 2,500 ಉಳಿಯಿತು. ಪಂಪಿನವರಿಗೆ ಫೋನ್ ಮಾಡಿ ಸೆಪ್ಟೆಂಬರ್ 10ರೊಳಗೆ ಎಂದು ಹೇಳಿದರು. ಪೈಪಿನ ಬಿಲ್ಲಿನ ಫೋಟೊ ಮತ್ತು ಹಣ ಕೊಟ್ಟ ರಸೀದಿ ಎರಡನ್ನೂ ಕ್ರೆಡಿಟ್ಟಿನ ಲೆಕ್ಕಕ್ಕಾಗಿ ಆಡಿಟರಿಗೆ ಕಳಿಸಿದೆವು. ಹಾಳೆಯಲ್ಲಿ ಆ ಎರಡು ಸಾಲಿನ I ಕಾಲಮ್ ತುಂಬಿದೆ, N1ರಲ್ಲಿ ಸೆಪ್ಟೆಂಬರ್ 30 ಹಾಕಿ ಹೊಸ ಹೆಸರಿನಲ್ಲಿ ಉಳಿಸಿಟ್ಟೆ. ಆಗಸ್ಟಿನ ಹಾಳೆ ಹಾಗೇ ಇದೆ.