ಒಂಬತ್ತು ‘ಹೀಗಾಗಿ’ಗಳು

ನಾನು ಕೆಲಸ ಮಾಡುವ ಗ್ರಂಥಾಲಯದಲ್ಲಿ ಸಂಜೆಯ ಅವಧಿಯನ್ನು ಎರಡು ಗಂಟೆ ಹೆಚ್ಚಿಸಿ ನೋಡಿದ್ದೆವು. ಆ ಪ್ರಯೋಗದ ವರದಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಅಂಕಿಅಂಶಗಳ ಭಾಗ ಸುಲಭವಾಗಿಯೇ ಮುಗಿಯಿತು. ಅಂಕಿಗಳು ಏನು ಹೇಳುತ್ತವೆ ಎಂದು ವಿವರಿಸುವ ‘ಚರ್ಚೆ’ ಎಂಬ ಅಧ್ಯಾಯಕ್ಕೆ ಬಂದಾಗ ಮಾತ್ರ ತೊಡಕಾಯಿತು. ಎರಡು ಪುಟ ಬರೆದು, ನಮ್ಮ ವಿಭಾಗದ ಹಿರಿಯರೊಬ್ಬರಿಗೆ ಓದಲು ಕೊಟ್ಟೆ. ಅವರು ತಿದ್ದುಪಡಿಯನ್ನೇನೂ ಬರೆಯಲಿಲ್ಲ. ‘ಹೀಗಾಗಿ’ ಎಂಬ ಪದ ಬಂದಲ್ಲೆಲ್ಲ ಪೆನ್ಸಿಲ್ಲಿನಿಂದ ಸುತ್ತು ಹಾಕಿ ಹಿಂದಿರುಗಿಸಿದರು. ಎಣಿಸಿದೆ, ಒಂಬತ್ತಿದ್ದವು. “ಇವುಗಳಲ್ಲಿ ಎಷ್ಟು ನಿಜ ಹೇಳುತ್ತಿವೆ ನೋಡಿ” ಎಂದಷ್ಟೇ ಅಂದರು.

ಆ ಪುಟಗಳಲ್ಲಿದ್ದ ಒಂದು ಪ್ಯಾರಾ ಹೀಗಿತ್ತು:

“ಸಂಜೆಯ ಅವಧಿಯನ್ನು ಎರಡು ಗಂಟೆ ವಿಸ್ತರಿಸಲಾಯಿತು. ಇದರಿಂದ ಓದುಗರ ಸಂಖ್ಯೆ ಹೆಚ್ಚಾಯಿತು. ಆದರೆ ಮನೆಗೆ ಕೊಂಡೊಯ್ದ ಪುಸ್ತಕಗಳ ಸಂಖ್ಯೆ ಹೆಚ್ಚಲಿಲ್ಲ. ಹೀಗಾಗಿ ಬಂದವರಲ್ಲಿ ಹೆಚ್ಚಿನವರು ಪರೀಕ್ಷೆಗೆ ಓದುವವರು. ಹೀಗಾಗಿ ಆಸನಗಳ ಕೊರತೆ ಉಂಟಾಯಿತು.”

ಓದಿದರೆ ಎಲ್ಲೂ ಎಡವುವುದಿಲ್ಲ, ಸರಾಗವಾಗಿ ಸಾಗುತ್ತದೆ. ಆ ಸರಾಗವೇ ನನ್ನನ್ನು ಮೋಸಗೊಳಿಸಿತ್ತು. ಜೋಡಣೆಯ ಪದಗಳನ್ನು ಶಾಲೆಯ ವ್ಯಾಕರಣದಲ್ಲಿ ಸಂಬಂಧಾರ್ಥಕಾವ್ಯಯ ಎಂದು ಕಲಿತಿದ್ದೆ. ಆದರೆ ‘ಸಂಬಂಧಾರ್ಥಕ’ ಎಂಬ ಮಾತಿಗೆ ಇರುವ ತೂಕವನ್ನು ಗಮನಿಸಿರಲಿಲ್ಲ. ಈ ಪದಗಳು ಎರಡು ವಾಕ್ಯಗಳ ನಡುವೆ ಇಂಥದೇ ಸಂಬಂಧವಿದೆ ಎಂದು ಓದುಗರಿಗೆ ಹೇಳುತ್ತವೆ. ಅಂಥ ಸಂಬಂಧ ಇಲ್ಲದಿದ್ದರೆ, ಎರಡೂ ವಾಕ್ಯಗಳು ನಿಜವಾಗಿದ್ದರೂ ಹೇಳಿದ್ದು ಸುಳ್ಳಾಗುತ್ತದೆ.

ಆ ಸಂಜೆ ಪ್ಯಾರಾವನ್ನು ಇನ್ನೊಂದು ಹಾಳೆಯಲ್ಲಿ ಬರೆದುಕೊಂಡೆ, ಜೋಡಣೆಯ ಪದಗಳನ್ನೆಲ್ಲ ಬಿಟ್ಟು. ಒಂದೊಂದು ವಾಕ್ಯದ ನಡುವೆಯೂ ಎರಡು ಸಾಲಿನಷ್ಟು ಜಾಗ ಉಳಿಸಿದೆ. ಆ ಜಾಗದಲ್ಲಿ ಓದುಗರು ಕೇಳಬಹುದಾದ ಪ್ರಶ್ನೆಯನ್ನು ಬರೆಯುತ್ತ ಹೋದೆ. ಇಂದಿಗೂ ಚರ್ಚೆಯ ಭಾಗವನ್ನು ತಿದ್ದುವಾಗ ಇದೇ ಕ್ರಮವನ್ನು ಅನುಸರಿಸುತ್ತೇನೆ.

ಮೊದಲ ಜಾಗದಲ್ಲಿ ಬಂದ ಪ್ರಶ್ನೆ: ಅವಧಿ ಹೆಚ್ಚಿಸದೇ ಇದ್ದಿದ್ದರೆ ಓದುಗರು ಹೆಚ್ಚುತ್ತಿರಲಿಲ್ಲವೇ? ಉತ್ತರ ಕೊಡಲು ಹೋದಾಗ ಅದೇ ತಿಂಗಳು ಪರೀಕ್ಷೆಗಳಿದ್ದುದು ನೆನಪಾಯಿತು. ಪರೀಕ್ಷೆಯ ತಿಂಗಳಲ್ಲಿ ಓದುಗರು ಹೇಗೂ ಹೆಚ್ಚುತ್ತಾರೆ. ನನಗೆ ತಿಳಿದಿದ್ದದ್ದು ಒಂದರ ನಂತರ ಇನ್ನೊಂದು ನಡೆಯಿತು ಎಂಬುದು ಮಾತ್ರ. ‘ಇದರಿಂದ’ ಎಂದು ಬರೆದು ಅದನ್ನು ಕಾರಣವಾಗಿಸಿದ್ದೆ. ಕನ್ನಡದಲ್ಲಿ ಈ ತಪ್ಪು ಸುಲಭವಾಗಿ ನುಸುಳುತ್ತದೆ. ‘ಅವಧಿ ವಿಸ್ತರಣೆಯಾಗಿ ಓದುಗರು ಹೆಚ್ಚಿದರು’ ಎಂಬ ವಾಕ್ಯದಲ್ಲಿ ‘ಆಗಿ’ ಎಂಬ ರೂಪ ಕಾಲಕ್ರಮವನ್ನೂ ಹೇಳಬಹುದು, ಕಾರಣವನ್ನೂ ಹೇಳಬಹುದು. ಕತೆ ಹೇಳುವಾಗ ಆ ಸಡಿಲು ಚೆಂದ, ಆದರೆ ಚರ್ಚೆಯಲ್ಲಿ ಅಪಾಯ. ‘ವಿಸ್ತರಿಸಿದ ಮೇಲೆ’ ಎಂದರೆ ಕಾಲಕ್ರಮ, ‘ವಿಸ್ತರಿಸಿದ್ದರಿಂದ’ ಎಂದರೆ ಕಾರಣ. ಇವೆರಡರಲ್ಲಿ ಒಂದನ್ನು ಆರಿಸಲೇಬೇಕೆಂದು ಹಟ ಹಿಡಿದಾಗ, ನನಗೆ ಏನು ಗೊತ್ತು, ಏನು ಗೊತ್ತಿಲ್ಲ ಎಂಬುದು ನನಗೇ ಸ್ಪಷ್ಟವಾಯಿತು.

ಮುಂದಿನದು ‘ಆದರೆ’. ಇದು ತಪ್ಪಾಗಿರಲಿಲ್ಲ, ದುರ್ಬಲವಾಗಿತ್ತು. ‘ಆದರೆ’ ಎರಡು ಸಂಗತಿಗಳನ್ನು ಎದುರುಬದುರು ನಿಲ್ಲಿಸಿ ಸುಮ್ಮನಾಗುತ್ತದೆ. ನನ್ನ ವಾಕ್ಯಗಳಲ್ಲಿ ಅದಕ್ಕಿಂತ ಹೆಚ್ಚಿನದೊಂದು ಇತ್ತು. ಓದುಗರು ಹೆಚ್ಚಿದರೆ ಪುಸ್ತಕಗಳ ಎರವಲೂ ಹೆಚ್ಚಬೇಕೆಂದು ಯಾರಾದರೂ ನಿರೀಕ್ಷಿಸುತ್ತಾರೆ, ಆ ನಿರೀಕ್ಷೆ ಇಲ್ಲಿ ಸುಳ್ಳಾಗಿತ್ತು. ಅದನ್ನು ಹೇಳುವ ರೂಪ ‘ಆದರೂ’, ಇಲ್ಲವೇ ಕ್ರಿಯಾಪದಕ್ಕೇ ಸೇರುವ ‘-ದರೂ’: ‘ಓದುಗರು ಹೆಚ್ಚಿದರೂ ಎರವಲು ಹೆಚ್ಚಲಿಲ್ಲ.’ ಕೊನೆಯ ‘ಊ’ ಒಂದೇ ಸ್ವರ, ಆದರೆ ‘ನೀವು ಅಂದುಕೊಂಡಂತೆ ಆಗಲಿಲ್ಲ’ ಎಂಬ ಇಡೀ ಮಾತನ್ನು ಅದು ಹೊತ್ತಿದೆ. ನಾನು ಈಗ ಹೀಗೆ ಪರೀಕ್ಷಿಸುತ್ತೇನೆ: ಮೊದಲ ವಾಕ್ಯವನ್ನು ಮಾತ್ರ ಓದಿ, ಮುಂದೆ ಏನು ಬರಬಹುದೆಂದು ಊಹಿಸುತ್ತೇನೆ. ಎರಡನೆಯ ವಾಕ್ಯ ಆ ಊಹೆಯನ್ನು ಮುರಿದರೆ ‘ಆದರೂ’. ಊಹೆಗೂ ಅದಕ್ಕೂ ಸಂಬಂಧವಿಲ್ಲದೆ ಬರಿಯ ವ್ಯತ್ಯಾಸವಿದ್ದರೆ ‘ಆದರೆ’ ಸಾಕು.

ನಾಲ್ಕನೆಯ ವಾಕ್ಯದ ‘ಹೀಗಾಗಿ’ಯನ್ನು ನೋಡಿದಾಗ ನಿಜಕ್ಕೂ ನಾಚಿಕೆಯಾಯಿತು. ಎರವಲು ಹೆಚ್ಚಲಿಲ್ಲ, ಹೀಗಾಗಿ ಬಂದವರು ಪರೀಕ್ಷೆಗೆ ಓದುವವರು ಎಂದು ಬರೆದಿದ್ದೆ. ಎರವಲು ಹೆಚ್ಚದಿದ್ದ ಕಾರಣಕ್ಕೆ ಯಾರೂ ಪರೀಕ್ಷೆಗೆ ಓದುವವರಾಗುವುದಿಲ್ಲ! ನಡೆದದ್ದು ಅದರ ತಿರುವು. ಬಂದವರು ಪರೀಕ್ಷೆಗೆ ಓದುವವರಾದ್ದರಿಂದ, ಮತ್ತು ಅವರು ತಮ್ಮದೇ ಪುಸ್ತಕ ತರುತ್ತಿದ್ದುದರಿಂದ ಎರವಲು ಹೆಚ್ಚಿರಲಿಲ್ಲ.

ಈ ತಿರುವು ಹೇಗೆ ಬಂತೆಂದು ಬಹಳ ಹೊತ್ತು ಯೋಚಿಸಿದೆ. ನನ್ನ ತಲೆಯಲ್ಲಿ ವಿಷಯ ಹೊಳೆದದ್ದು ಆ ಕ್ರಮದಲ್ಲಿ. ಮೊದಲು ಎರವಲಿನ ಲೆಕ್ಕ ಕಂಡೆ, ಅದರಿಂದ ಓದುಗರು ಯಾರಿರಬಹುದೆಂದು ಊಹಿಸಿದೆ. ಊಹೆಯ ದಾರಿಯೂ ಘಟನೆಯ ದಾರಿಯೂ ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿದ್ದವು, ನಾನು ಎರಡಕ್ಕೂ ಒಂದೇ ಪದ ಬಳಸಿದ್ದೆ. ‘ನೆಲ ಒದ್ದೆಯಾಗಿದೆ, ಆದ್ದರಿಂದ ಮಳೆ ಬಂದಿರಬೇಕು’ ಎನ್ನುತ್ತೇವೆ. ಇಲ್ಲಿ ‘ಆದ್ದರಿಂದ’ ಸರಿಯಾಗಿಯೇ ಇದೆ, ಏಕೆಂದರೆ ‘ಬಂದಿರಬೇಕು’ ಎಂಬ ಕ್ರಿಯಾಪದ ಇದು ಊಹೆಯೆಂದು ಹೇಳಿಬಿಡುತ್ತದೆ. ಅದೇ ‘ಆದ್ದರಿಂದ ಮಳೆ ಬಂತು’ ಎಂದರೆ ನೆಲವೇ ಮಳೆ ತರಿಸಿದಂತೆ. ಅಂದರೆ ಜೋಡಣೆಯ ಕೆಲಸವನ್ನು ವಾಕ್ಯದ ಮೊದಲಿನ ಪದ ಒಂದೇ ಮಾಡುವುದಿಲ್ಲ, ಕೊನೆಯ ಕ್ರಿಯಾಪದವೂ ಅದರಲ್ಲಿ ಪಾಲುದಾರ. ‘ಇರಬೇಕು’, ‘ಎಂದು ತೋರುತ್ತದೆ’, ‘ಎನ್ನಲಾಗದು’ ಇವೆಲ್ಲ ಆ ಜೋಡಣೆಯ ಇನ್ನೊಂದು ತುದಿ.

‘ಏಕೆಂದರೆ’ ಕುರಿತು ಒಂದು ಮಾತು. ಕನ್ನಡದ ಸಹಜ ಓಟದಲ್ಲಿ ಕಾರಣ ಮೊದಲು, ಪರಿಣಾಮ ಆಮೇಲೆ ಬರುತ್ತದೆ. ‘ಏಕೆಂದರೆ’ ಆ ಕ್ರಮವನ್ನು ತಿರುಗಿಸುತ್ತದೆ. ಆದ್ದರಿಂದ ಓದುಗರು ‘ಏಕೆ?’ ಎಂದು ಕೇಳುವಷ್ಟು ಅಚ್ಚರಿಯ ಮಾತು ಹೇಳಿದಾಗ ಮಾತ್ರ ಅದನ್ನು ಬಳಸುತ್ತೇನೆ. ಹಾಗೆ ಬಳಸಿದಾಗ ವಾಕ್ಯವನ್ನು ‘ಇದ್ದುದರಿಂದ’ ಎಂದು ಮುಗಿಸುವುದಿಲ್ಲ. ‘ಏಕೆಂದರೆ ಪರೀಕ್ಷೆ ಇದ್ದುದರಿಂದ’ ಎಂದರೆ ಕಾರಣವನ್ನು ಎರಡು ಸಲ ಹೇಳಿದ್ದಾಯಿತು, ವಾಕ್ಯ ಮಾತ್ರ ಮುಗಿಯಲೇ ಇಲ್ಲ.

ಕೊನೆಯ ‘ಹೀಗಾಗಿ’ಯ ದಿಕ್ಕು ಸರಿಯಾಗಿತ್ತು, ನಡುವೆ ಒಂದು ಮೆಟ್ಟಿಲು ಕಾಣೆಯಾಗಿತ್ತು. ಪರೀಕ್ಷೆಗೆ ಓದುವವರು ಬಂದರೆ ಆಸನ ಏಕೆ ಸಾಲುವುದಿಲ್ಲ? ದಿನವೂ ಅವರನ್ನು ನೋಡುವ ನನಗೆ ಗೊತ್ತಿತ್ತು, ಅವರು ಒಮ್ಮೆ ಕುಳಿತರೆ ಬಾಗಿಲು ಮುಚ್ಚುವವರೆಗೂ ಏಳುವುದಿಲ್ಲ. ಪತ್ರಿಕೆ ಓದಲು ಬರುವವರು ಅರ್ಧ ಗಂಟೆಯಲ್ಲಿ ಎದ್ದು ಹೋಗುತ್ತಾರೆ. ನನಗೆ ತೀರಾ ಪರಿಚಿತವಾದ್ದರಿಂದಲೇ ಆ ಮೆಟ್ಟಿಲನ್ನು ಬರೆಯುವುದು ಮರೆತಿದ್ದೆ. ‘ಹೀಗಾಗಿ’ ಆ ಕೊರತೆಯನ್ನು ಮುಚ್ಚಿಹಾಕಿತ್ತು.

ತಿದ್ದಿದ ಮೇಲೆ ಪ್ಯಾರಾ ಹೀಗಾಯಿತು:

“ಸಂಜೆಯ ಅವಧಿಯನ್ನು ಎರಡು ಗಂಟೆ ವಿಸ್ತರಿಸಿದ ಮೇಲೆ ಓದುಗರ ಸಂಖ್ಯೆ ಹೆಚ್ಚಾಯಿತು. ಅದೇ ತಿಂಗಳು ಪರೀಕ್ಷೆಗಳೂ ಇದ್ದುದರಿಂದ ಈ ಹೆಚ್ಚಳಕ್ಕೆ ವಿಸ್ತರಣೆಯೊಂದೇ ಕಾರಣ ಎನ್ನಲಾಗದು. ಓದುಗರು ಹೆಚ್ಚಿದರೂ ಮನೆಗೆ ಕೊಂಡೊಯ್ದ ಪುಸ್ತಕಗಳ ಸಂಖ್ಯೆ ಹೆಚ್ಚಲಿಲ್ಲ. ಹೊಸಬರಲ್ಲಿ ಬಹುಪಾಲು ಜನ ತಮ್ಮದೇ ಪುಸ್ತಕ ತಂದು ಪರೀಕ್ಷೆಗೆ ಓದುವವರಾಗಿದ್ದುದು ಇದಕ್ಕೆ ಕಾರಣವಿರಬೇಕು. ಅವರು ಒಮ್ಮೆ ಕುಳಿತರೆ ಮುಚ್ಚುವ ಹೊತ್ತಿನವರೆಗೂ ಏಳುವುದಿಲ್ಲ. ಹೀಗಾಗಿ ಆಸನಗಳ ಕೊರತೆ ಕಾಣಿಸಿಕೊಂಡಿತು.”

‘ಅವರು ಒಮ್ಮೆ ಕುಳಿತರೆ’ ಎಂಬ ವಾಕ್ಯದ ಮೊದಲಿಗೆ ಯಾವ ಜೋಡಣೆಯ ಪದವನ್ನೂ ಹಾಕಿಲ್ಲ. ‘ಅವರು’ ಎಂಬ ಸರ್ವನಾಮವೇ ಹಿಂದಿನ ವಾಕ್ಯವನ್ನು ಹಿಡಿದುಕೊಂಡಿದೆ. ಹೇಳಿದ್ದನ್ನೇ ವಿವರಿಸುವ ವಾಕ್ಯಕ್ಕೆ ಅಷ್ಟು ಸಾಕು. ಪ್ರತಿ ವಾಕ್ಯದ ತಲೆಯ ಮೇಲೂ ಒಂದು ಅವ್ಯಯ ಕೂರಿಸಿದರೆ, ನಿಜವಾಗಿ ಬೇಕಾದಲ್ಲಿ ಬಂದ ‘ಹೀಗಾಗಿ’ಯನ್ನು ಯಾರೂ ಗಮನಿಸುವುದಿಲ್ಲ.

ಪ್ಯಾರಾದಿಂದ ಪ್ಯಾರಾಕ್ಕೆ ದಾಟುವಲ್ಲಿ ಬೇರೊಂದು ತೊಡಕು ಎದುರಾಯಿತು. ಮುಂದಿನ ಪ್ಯಾರಾವನ್ನು ‘ಆದರೆ ಇದನ್ನು ಮುಂದುವರಿಸಬೇಕು’ ಎಂದು ಆರಂಭಿಸಿದ್ದೆ. ಪ್ಯಾರಾದ ಮೊದಲಿಗೆ ಬಂದ ‘ಆದರೆ’ ಯಾವುದಕ್ಕೆ ಎದುರು? ಹಿಂದಿನ ಕೊನೆಯ ವಾಕ್ಯಕ್ಕೋ, ಇಡೀ ಪ್ಯಾರಾಕ್ಕೋ? ‘ಇದನ್ನು’ ಎಂದರೆ ಯಾವುದನ್ನು? ಹತ್ತಿರದಲ್ಲಿದ್ದದ್ದು ಆಸನಗಳ ಕೊರತೆ, ಅದನ್ನೇ ಮುಂದುವರಿಸಬೇಕೆಂದು ಹೇಳಿದಂತಿತ್ತು. ವಾಕ್ಯಗಳ ನಡುವೆ ಒಂದು ಪದ ಮಾಡುವ ಕೆಲಸವನ್ನು ಪ್ಯಾರಾಗಳ ನಡುವೆ ಆ ಒಂದು ಪದವೇ ಮಾಡಲಾರದು. ಹಿಂದಿನ ಪ್ಯಾರಾದ ಸಾರವನ್ನು ಒಂದು ನಾಮಪದವಾಗಿ ಎತ್ತಿಕೊಂಡು ಬರಬೇಕು. ‘ಆಸನಗಳ ಈ ಕೊರತೆ ನಿಜವಾದರೂ, ವಿಸ್ತರಿಸಿದ ಅವಧಿಯನ್ನು ಮುಂದುವರಿಸುವುದು ಒಳ್ಳೆಯದು’ ಎಂದು ಬದಲಾಯಿಸಿದೆ. ‘ಈ ಕೊರತೆ’ ಹಿಂದಿನದನ್ನು ಹೆಸರಿಸಿ ಹಿಡಿಯಿತು, ‘ಆದರೂ’ ಅದನ್ನು ಒಪ್ಪಿಕೊಂಡು ದಾಟಿತು.

ಆ ವಾಕ್ಯದ ಭಾಗಗಳನ್ನು ಅದಲುಬದಲು ಮಾಡಿಯೂ ನೋಡಿದೆ: ‘ವಿಸ್ತರಿಸಿದ ಅವಧಿ ಒಳ್ಳೆಯದಾದರೂ ಆಸನಗಳ ಕೊರತೆ ನಿಜ.’ ಸಂಗತಿಗಳು ಅವೇ, ತೀರ್ಪು ಮಾತ್ರ ತಿರುಗಿತು. ‘ಆದರೂ’ ಎಂಬುದರ ಹಿಂದೆ ಬಿದ್ದದ್ದು ಒಪ್ಪಿ ಬಿಟ್ಟ ಮಾತು, ಮುಂದೆ ನಿಂತದ್ದು ಬರೆಯುವವರ ಪಕ್ಷ. ನನ್ನ ಮೊದಲ ಪ್ರತಿಯಲ್ಲಿ ಎರಡು ಕಡೆ ನನ್ನದೇ ಶಿಫಾರಸನ್ನು ‘ಆದರೂ’ ಹಿಂದೆ ಹಾಕಿದ್ದೆ. ಓದಿದವರಿಗೆ ನಾನು ವಿಸ್ತರಣೆಯ ವಿರುದ್ಧ ಇದ್ದೇನೆಂದು ಅನ್ನಿಸಿದ್ದರೆ ತಪ್ಪು ಅವರದಲ್ಲ.

ಒಂಬತ್ತು ‘ಹೀಗಾಗಿ’ಗಳಲ್ಲಿ ಕೊನೆಗೆ ಉಳಿದದ್ದು ಮೂರು. ಎರಡು ‘-ದ್ದರಿಂದ’ ಆಗಿ ವಾಕ್ಯದೊಳಗೆ ಸೇರಿಕೊಂಡವು, ಒಂದು ಊಹೆಯೆಂದು ಒಪ್ಪಿಕೊಂಡು ‘ಇರಬೇಕು’ ಆಯಿತು. ಮಿಕ್ಕ ಮೂರಕ್ಕೆ ಬದಲಿ ಪದ ಸಿಗಲಿಲ್ಲ. ಅಲ್ಲಿ ಎರಡು ವಾಕ್ಯಗಳ ನಡುವೆ ಸಂಬಂಧವೇ ಇರಲಿಲ್ಲ. ಅವುಗಳ ಜೊತೆಗೆ ವಾಕ್ಯಗಳೂ ಹೋದವು.

ವರದಿ ಸಮಿತಿಯ ಮುಂದೆ ಹೋಯಿತು. ಅಂಕಿಗಳ ಪುಟವನ್ನು ತಿರುವಿ ಹಾಕಿದ ಸದಸ್ಯರೊಬ್ಬರು ಚರ್ಚೆಯ ಅಧ್ಯಾಯಕ್ಕೆ ಬಂದು ನಿಂತರು. ‘ವಿಸ್ತರಣೆಯೊಂದೇ ಕಾರಣ ಎನ್ನಲಾಗದು’ ಎಂಬ ಸಾಲಿನ ಮೇಲೆ ಬೆರಳಿಟ್ಟು, “ಹಾಗಾದರೆ ಪರೀಕ್ಷೆ ಇಲ್ಲದ ತಿಂಗಳಲ್ಲೂ ಎರಡು ಗಂಟೆ ಹೆಚ್ಚು ತೆರೆದು ನೋಡೋಣವೇ?” ಎಂದು ಕೇಳಿದರು.