ತಕರಾರಿನ ಚಾಟ್ ಬಿಟ್ಟು ಫೋನ್ ಮಾಡುವುದು ಯಾವಾಗ? ಅಡಿಕೆ ಅಂಗಡಿಯ ನನ್ನ ಅನುಭವ

ಕಾಸರಗೋಡಿನ ಬದಿಯಡ್ಕದ ಹತ್ತಿರ ನನ್ನದೊಂದು ಸಣ್ಣ ಅಡಿಕೆ ಅಂಗಡಿ. ಕೃಷಿಕರಿಂದ ಚಾಲಿ, ಅಂದರೆ ಒಣಗಿಸಿ ಸುಲಿದ ಅಡಿಕೆ ತೆಗೆದುಕೊಂಡು, ವಿಂಗಡಿಸಿ, ಮಂಗಳೂರಿಗೆ ಲೋಡು ಕಳಿಸುವುದು ಕೆಲಸ. ಬೆಳಗ್ಗೆ ರೇಟು ಹಾಕುವುದರಿಂದ ರಾತ್ರಿ ಚೀಟಿಯ ಫೋಟೊ ಕಳಿಸುವ ತನಕ ಎಲ್ಲವೂ ವಾಟ್ಸಪ್ಪಿನಲ್ಲೇ ನಡೆಯುತ್ತದೆ. ಹಾಗಾಗಿ ಜಗಳವೂ ಅಲ್ಲೇ.

ಲೆಕ್ಕ ನೋಡಿಕೊಳ್ಳುವುದು ನನ್ನ ಭಾವ. "ಬರವಣಿಗೆಯಲ್ಲಿ ಇದ್ದರೆ ಸಾಕ್ಷಿ ಇರ್ತದೆ ಮಾರಾಯ, ಬಾಯಿಮಾತಿಗೆ ಎಂತ ಬೆಲೆ?" ಎನ್ನುವುದು ಅವನ ವಾದ. ತಕರಾರು ಬಂದಾಗ ಫೋನ್ ಮಾಡ್ತೇನೆ ಎಂದರೆ ನಗುತ್ತಿದ್ದ. ಇನ್ನೊಂದೆರಡು ಅಂಗಡಿಯವರೂ "ಫೋನ್ ಮಾಡಿದರೆ ರೇಟು ಏರಿಸಿಯೇ ಇಡ್ತಾರೆ" ಎಂದು ಹೆದರಿಸಿದ್ದರು. ಎರಡು ಸೀಸನ್ ಕಳೆದ ಮೇಲೆ ಈಗ ಇದನ್ನು ಬರೆಯುವ ಧೈರ್ಯ ಬಂದಿದೆ.

ಮೊದಲು ಕಳೆದುಕೊಂಡದ್ದನ್ನು ಹೇಳಿಬಿಡುತ್ತೇನೆ. ಪೆರ್ಲದ ಕಡೆಯ ಒಬ್ಬರು, ಅಪ್ಪನ ಕಾಲದಿಂದ ನಮಗೇ ಕೊಡುತ್ತಿದ್ದವರು, ಒಂಬತ್ತು ಗೋಣಿ ಹಳೆ ಅಡಿಕೆ ಕಳಿಸಿದರು. ಅವರ ಲೆಕ್ಕದಲ್ಲಿ ಎಲ್ಲವೂ ಒಳ್ಳೆ ರೇಟಿನ ಡಬಲ್ ಚೋಲ್. ವಿಂಗಡಿಸಿದಾಗ 40 ಕಿಲೋದಷ್ಟು ಪಟೋರ ಎನ್ನುವ ಕೆಳಗಿನ ದರ್ಜೆಗೆ ಹೋಯಿತು. ನಾನು ಫೋಟೊ ತೆಗೆದು ಕಳಿಸಿದೆ. ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಎಲ್ಲ ಅಡಿಕೆಯೂ ಒಂದೇ ಬಣ್ಣ ಕಾಣುತ್ತದೆ ಎನ್ನುವುದು ಆಗ ತಲೆಗೆ ಹೋಗಲಿಲ್ಲ. ಅವರು "ಇದರಲ್ಲಿ ಪಟೋರ ಎಲ್ಲಿದೆ?" ಎಂದರು, ನಾನು ಇನ್ನೊಂದು ಫೋಟೊ ಹಾಕಿದೆ. ಅವರು ತಮ್ಮ ಅಂಗಳದ ಬಿಸಿಲಿನಲ್ಲಿ ತೆಗೆದ ಫೋಟೊ ಹಾಕಿದರು. ಎರಡು ದಿನದಲ್ಲಿ ಅರುವತ್ತಕ್ಕೂ ಹೆಚ್ಚು ಮೆಸೇಜು. ಕಿಲೋಗೆ ಸುಮಾರು 100 ರೂಪಾಯಿ ವ್ಯತ್ಯಾಸ ಅಂದರೂ ಒಟ್ಟು ನಾಲ್ಕು ಸಾವಿರದ ವಿಷಯ. ಅದಕ್ಕಾಗಿ ಅವರ ಮನೆಯಲ್ಲಿ ಬಾಕಿ ಇದ್ದ ಹದಿಮೂರು ಹದಿನಾಲ್ಕು ಕ್ವಿಂಟಾಲ್ ಬೇರೆ ಅಂಗಡಿಗೆ ಹೋಯಿತು, ಜೊತೆಗೆ ಅವರ ದಾಯಾದಿಗಳ ಎರಡು ಮನೆಯ ಅಡಿಕೆಯೂ. ಆ ವರ್ಷವೇ ನನಗೆ ಹದಿನೈದು ಸಾವಿರದ ಹತ್ತಿರ ನಷ್ಟ. ಆಮೇಲಿನ ವರ್ಷಗಳದ್ದನ್ನು ಲೆಕ್ಕ ಹಾಕುವುದನ್ನೇ ಬಿಟ್ಟೆ.

ಅದಾದ ಮೇಲೆ ನಿಯಮ ಮಾಡಹೊರಟೆ. ಮೊದಲನೆಯದು: ಹತ್ತು ಮೆಸೇಜು ದಾಟಿದರೆ ಫೋನ್. ಅದು ಒಂದು ವಾರವೂ ನಿಲ್ಲಲಿಲ್ಲ. ಕೆಲವರು ಒಂದೇ ಮಾತನ್ನು ಆರು ತುಂಡು ಮಾಡಿ ಕಳಿಸುತ್ತಾರೆ, ನಡುವೆ ಎರಡು ಕೈಮುಗಿದ ಚಿತ್ರ. ತಕರಾರೇ ಇಲ್ಲದವರಿಗೆ ಫೋನ್ ಮಾಡಿ "ಎಂತ ಆಯ್ತು ಅಣ್ಣಾ?" ಅಂತ ಕೇಳಿಸಿಕೊಂಡೆ. ಎರಡನೆಯದು: ಅರ್ಧ ಗಂಟೆ ದಾಟಿದರೆ ಫೋನ್. ಅದೂ ಸರಿಯಾಗಲಿಲ್ಲ. ತೋಟಕ್ಕೆ ಇಳಿದವರಿಗೆ ನೆಟ್‌ವರ್ಕ್ ಇರುವುದಿಲ್ಲ, ನಮ್ಮಲ್ಲಿ ಕರೆಂಟು ಹೋದರೆ ಟವರೂ ಹೋಗುವುದುಂಟು. ಉತ್ತರ ತಡವಾಯಿತೆಂದರೆ ಸಿಟ್ಟು ಎಂದು ಅರ್ಥವಲ್ಲ. ಎಣಿಕೆಯನ್ನೂ ಗಡಿಯಾರವನ್ನೂ ಬಿಟ್ಟೆ.

ಈಗ ನೋಡುವುದು ಎರಡೇ ಗುರುತು. ಒಂದು, ಅದೇ ಅಂಕಿ ಅಥವಾ ಅದೇ ಪ್ರಶ್ನೆ ಹೊಸ ವಿಷಯ ಯಾವುದೂ ಸೇರದೆ ಎರಡನೆ ಸಲ ಬಂತೇ ಎನ್ನುವುದು. ಅವರು "468" ಎಂದರು, ನಾನು "461" ಎಂದೆ, ಮತ್ತೆ ಅವರು "468" ಎಂದರು. ಅಲ್ಲಿಗೆ ಬರವಣಿಗೆಯ ಕೆಲಸ ಮುಗಿಯಿತು. ಮೂರನೆ ಸಲ ಬರೆದರೆ ಅದೇ ಅಂಕಿ ಜೋರಾಗುತ್ತದೆ, ಅಷ್ಟೆ. ಹೊಸ ಚೀಟಿ, ಹೊಸ ಫೋಟೊ, ಹೊಸ ಲೆಕ್ಕ ಬರುತ್ತಾ ಇದ್ದರೆ ಮಾತ್ರ ಐವತ್ತು ಮೆಸೇಜಾದರೂ ಚಾಟಿನಲ್ಲೇ ಇರಲಿ ಎನ್ನುತ್ತೇನೆ.

ಇನ್ನೊಂದು ಗುರುತು ನಮ್ಮ ಊರಿನದ್ದೇ. ಇಲ್ಲಿ ಯಾರೂ ಪುಸ್ತಕದ ಕನ್ನಡದಲ್ಲಿ ಚಾಟ್ ಮಾಡುವುದಿಲ್ಲ. ಹವ್ಯಕರು ಹೌದು ಎನ್ನಲಿಕ್ಕೆ "ಅಪ್ಪು ಭಾವ" ಎಂದು ಬರೆಯುತ್ತಾರೆ, ಕೆಲವರು ತುಳುವನ್ನೇ ಕನ್ನಡ ಅಕ್ಷರದಲ್ಲಿ, ಲಾರಿಯವರು ಮಲಯಾಳ ಸೇರಿಸಿ. ಸಿಟ್ಟು ಬಂತೆಂದರೆ ಇವರೆಲ್ಲ ಒಮ್ಮೆಲೇ ಶುದ್ಧ ಕನ್ನಡಕ್ಕೆ ಬರುತ್ತಾರೆ. ನಿನ್ನೆ ತನಕ "ಭಾವಾ" ಎಂದವರು "ತಮ್ಮ ವ್ಯವಹಾರದ ಬಗ್ಗೆ ಹೆಚ್ಚು ಹೇಳಲು ಇಚ್ಛಿಸುವುದಿಲ್ಲ" ಎಂದು ಬರೆದರೆ ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ. ಬೈದವರು ಮರುದಿನ ಬರುತ್ತಾರೆ, "ತಮ್ಮ" ಎಂದವರು ಬರುವುದಿಲ್ಲ. ಪೆರ್ಲದವರ ಆ ಹಳೆ ಚಾಟನ್ನು ಆಮೇಲೆ ತೆಗೆದು ನೋಡಿದೆ. ಹನ್ನೊಂದನೆಯದೋ ಹನ್ನೆರಡನೆಯದೋ ಮೆಸೇಜಿನಲ್ಲೇ ಅವರ ಭಾಷೆ ತಿರುಗಿತ್ತು. ಆಮೇಲೂ ನಮ್ಮಿಬ್ಬರದ್ದು ಸೇರಿ ಐವತ್ತು ಮೆಸೇಜು ನಡೆಯಿತು!

ಇದು ಕೆಲಸ ಮಾಡಿದ್ದು ಹೇಗೆಂದು ಒಂದು ಪ್ರಕರಣ ಹೇಳುತ್ತೇನೆ. ನೀರ್ಚಾಲಿನ ಕಡೆಯ ಮನೆ, ಏಳು ಗೋಣಿ ಹೊಸ ಅಡಿಕೆ. ಯಾವಾಗಲೂ ಅಪ್ಪ ಬರುತ್ತಿದ್ದರು. ಈ ಸಲ ಬೆಂಗಳೂರಿನಿಂದ ರಜೆಗೆ ಬಂದ ಮಗ ಜೀಪಿನಲ್ಲಿ ಕಳಿಸಿದ. ನನ್ನ ಚೀಟಿಯಲ್ಲಿ 461 ಕಿಲೋ. ಹುಡುಗನ ಮೆಸೇಜು: "ಗೋಣಿ ಕಳೆದೆ 468. ನಿಮ್ಮದು 461 ಹೇಗೆ?" ಗೋಣಿ ಕಳೆದು 468 ಬಂದಿದ್ದರೆ ನನ್ನಲ್ಲಿ ಏಳು ಕಿಲೋ ಮಾಯವಾದ ಹಾಗೆ, ಹತ್ತಿರಹತ್ತಿರ 3000 ರೂಪಾಯಿ. ನಾನು ತಕ್ಕಡಿಯ ಫೋಟೊ ಹಾಕಿದೆ. ಅವನು ಮನೆಯ ತಕ್ಕಡಿಯ ಫೋಟೊ ಹಾಕಿದ. ಇಲ್ಲಿಯ ತನಕ ಹೊಸ ವಿಷಯ ಬರುತ್ತಿತ್ತು, ಬಿಟ್ಟೆ. ಆಮೇಲೆ ಮತ್ತೆ 468, ಮತ್ತೆ 461. ಅದರ ಬೆನ್ನಿಗೇ "ತಮ್ಮ ತೂಕದ ಬಗ್ಗೆ ಅಪ್ಪನಿಗೆ ತಿಳಿಸುತ್ತೇನೆ." ಎರಡು ಗುರುತೂ ಒಟ್ಟಿಗೆ.

ನೇರ ರಿಂಗ್ ಮಾಡುವುದಿಲ್ಲ. ಸಿಟ್ಟಿನಲ್ಲಿರುವವನ ಫೋನ್ ತಟ್ಟನೆ ಬಡಿದುಕೊಂಡರೆ ಜಗಳಕ್ಕೇ ಬಂದ ಎಂದುಕೊಳ್ಳುತ್ತಾನೆ. "ತೂಕದ ವಿಷಯ ಮಾತ್ರ, ಐದು ನಿಮಿಷ ಮಾತಾಡುವನಾ? ಈಗ ಆಗದಿದ್ದರೆ ಊಟ ಆದ ಮೇಲೆ" ಎಂದು ಬರೆದೆ. "ಈಗಲೇ ಮಾಡಿ" ಎಂದ. ಫೋನಿನಲ್ಲಿ ನನ್ನ ವಾದ ಮೊದಲು ಹೇಳಲಿಲ್ಲ, ಅವನದ್ದನ್ನು ಹೇಳಿದೆ: "ಮನೆಯಲ್ಲಿ ಗೋಣಿ ಕಳೆದು 468 ಬಂತು, ಇಲ್ಲಿ ಏಳು ಕಿಲೋ ಕಮ್ಮಿ ಆಯ್ತು, ಅಲ್ವಾ?" ಆಗ ಅವನು, "ಕಳೆದು ಅಲ್ಲ ಮಾವ, ಕಳೆಯದೆ. ಗೋಣಿ ಸಮೇತ."

ಒಂದು ಅಕ್ಷರ! "ಕಳೆಯದೆ" ಎಂದು ಬರೆಯಹೋಗಿ "ಕಳೆದೆ" ಆಗಿತ್ತು. ಗೋಣಿಗೆ ಒಂದು ಕಿಲೋ ನಾವು ಹಿಡಿಯುವುದು, ಏಳು ಗೋಣಿಗೆ ಏಳು ಕಿಲೋ. ಅವನ ತೂಕವೂ ನನ್ನ ತೂಕವೂ ಒಂದೇ. ಆದರೆ ತಪ್ಪು ಅವನದೊಂದೇ ಅಲ್ಲ. ನನ್ನ ಚೀಟಿಯಲ್ಲಿ ಗೋಣಿ ಕಳೆದ ತೂಕ ಮಾತ್ರ ಇತ್ತು. ಅಪ್ಪನಿಗೆ ಅದು ಗೊತ್ತು, ಮಗನಿಗೆ ಗೊತ್ತಿರಲಿಲ್ಲ. 461ನ್ನೂ ಅವನು ಗೋಣಿ ಸಮೇತ ಎಂದೇ ಓದಿದ್ದ. ನಾಲ್ಕು ನಿಮಿಷದ ಮಾತು. ಆಮೇಲೆ ಚೀಟಿಯಲ್ಲಿ ಎರಡು ಸಾಲು ಮಾಡಿಸಿದೆ, ಗೋಣಿ ಸಹಿತ, ಗೋಣಿ ಕಳೆದು. ಹೊಸ ಪುಸ್ತಕ ಅಚ್ಚು ಹಾಕಿಸಲು 1200 ಖರ್ಚಾಯಿತು, ಭಾವ ಗೊಣಗಿದ.

ಭಾವನ ಸಾಕ್ಷಿಯ ವಾದಕ್ಕೆ ಉತ್ತರ ಇಷ್ಟೆ: ಫೋನ್ ಇಟ್ಟ ಕೂಡಲೇ, ಮುಂದಿನ ಗೋಣಿ ಮುಟ್ಟುವ ಮೊದಲು, ಎರಡು ಸಾಲು ಬರೆದು ಕಳಿಸುತ್ತೇನೆ. "ಗೋಣಿ ಸಹಿತ 468, ಕಳೆದು 461. ಹಣ ಸೋಮವಾರ." ಯಾರು ಸರಿ, ಯಾರು ತಪ್ಪು ಎಂದು ಅದರಲ್ಲಿ ಬರೆಯಬಾರದು. ಅತ್ತಲಿಂದ "ಆತು" ಎಂದು ಬಂದ ಮೇಲೆಯೇ ಮುಗಿಯಿತೆಂದು ಲೆಕ್ಕ. ಬಾಯಲ್ಲಿ ಒಪ್ಪಿ ಈ ಎರಡು ಸಾಲಿಗೆ ಉತ್ತರ ಕೊಡದವರು ನಿಜಕ್ಕೂ ಒಪ್ಪಿಲ್ಲ ಎಂದು ಎರಡು ಸಲ ಪೆಟ್ಟು ತಿಂದು ಕಲಿತೆ.

ನಡುವೆ ಬೇರೆ ಪ್ರಯೋಗವೂ ಮಾಡಿದ್ದೆ. ವಾಯ್ಸ್ ಮೆಸೇಜಿನಲ್ಲಿ ದನಿ ಇರುತ್ತದೆ, ಟೈಪು ಮಾಡುವ ತಾಪತ್ರಯ ಇಲ್ಲ ಎಂದುಕೊಂಡೆ. ಮೂರು ನಿಮಿಷದ ಒಂದನ್ನು ಮುಳ್ಳೇರಿಯದ ಕಡೆಯ ಒಬ್ಬರಿಗೆ ಕಳಿಸಿದೆ. ಅವರು ಅದನ್ನು ಚಾವಡಿಯಲ್ಲಿ ಸ್ಪೀಕರಿಗೆ ಹಾಕಿದರು. ಅಲ್ಲಿ ಕೂತಿದ್ದ ಅವರ ಅಳಿಯ, ಅಡಿಕೆ ಸುಲಿಯುವವರು, ಎಲ್ಲರೂ ಕೇಳಿದರು. ಅವರೂ ನಡುವೆ ಬಾಯಿ ಹಾಕಲಾಗದೆ ಮೂರು ನಿಮಿಷ ಸುಮ್ಮನೆ ಕೇಳಬೇಕಾಯಿತು. ಉತ್ತರಕ್ಕೆ ನಾಲ್ಕು ನಿಮಿಷದ್ದು ಬಂತು. ಅದಕ್ಕಿಂತ ಚಾಟೇ ವಾಸಿ. ವೀಡಿಯೊ ಕಾಲ್ ಅಡಿಕೆ ತೋರಿಸಲಿಕ್ಕೆ ಒಳ್ಳೆಯದೆಂದು ಕೆಲವರು ಹೇಳುತ್ತಾರೆ. ಮಳೆಗಾಲದಲ್ಲಿ ನಮ್ಮ ನೆಟ್‌ವರ್ಕಿನಲ್ಲಿ ಅಡಿಕೆಯೂ ನನ್ನ ಮುಖವೂ ಒಂದೇ ರೀತಿ ಕಾಣುತ್ತಿತ್ತು. ಬಣ್ಣದ ಜಗಳಕ್ಕೆ ಫೋನೂ ಅಲ್ಲ, ಚಾಟೂ ಅಲ್ಲ, ಪಟೋರದ ಗೋಣಿಯನ್ನು ಬೇರೆ ಕಟ್ಟಿಟ್ಟು "ಒಮ್ಮೆ ಬಂದು ನೋಡಿ" ಎನ್ನಲಿಕ್ಕೆ ಮಾತ್ರ ಫೋನ್ ಬೇಕು.

ಫೋನ್ ಮಾಡಲೇಬಾರದ ಕಡೆಯೂ ಇದೆ. ಒಬ್ಬ ಸಾಗಾಟದವನು ಫೋನಿನಲ್ಲಿ ಎಲ್ಲಕ್ಕೂ "ಶರಿ ಶರಿ" ಎನ್ನುತ್ತಾನೆ, ಬಾಡಿಗೆ ಕೊಡುವ ದಿನ ಬೇರೆಯೇ ಹೇಳುತ್ತಾನೆ. ಅವನ ಜೊತೆ ಎಷ್ಟು ಉದ್ದವಾದರೂ ಬರೆಯುವುದೇ. ಕಿವಿ ಮಂದವಾದ ಹಿರಿಯರೊಬ್ಬರಿದ್ದಾರೆ, ಅವರಿಗೆ ಫೋನ್ ಮಾಡಿದರೆ ನಾನು ಕೂಗಬೇಕು, ಕೂಗಿದರೆ ಬೈದ ಹಾಗೆ ಕೇಳುತ್ತದೆ. ನನಗೇ ಸಿಟ್ಟು ಬಂದಿದ್ದರೆ ಆ ದಿನ ಮಾಡುವುದಿಲ್ಲ. ಟೈಪು ಮಾಡಿ ಅಳಿಸಿ, ಟೈಪು ಮಾಡಿ ಅಳಿಸಿ ಮೂರು ಸಲ ಆಯಿತೆಂದರೆ ಸಿಟ್ಟು ಬಂದಿದೆ ಎಂದೇ ಅರ್ಥ. ಎತ್ತದಿದ್ದರೆ ಎರಡನೆ ಸಲ ಮಾಡುವುದಿಲ್ಲ, ಮಿಸ್ಡ್ ಕಾಲ್ ನೋಡಿ ಅವರೇ ಮಾಡಲಿ.

ಕಳೆದ ಎರಡು ಸೀಸನಿನಲ್ಲಿ ಸಣ್ಣದು ದೊಡ್ಡದು ಸೇರಿ ಐವತ್ತರಷ್ಟು ತಕರಾರು ಬಂದಿರಬಹುದು. ಫೋನ್ ಮಾಡಿದ್ದು ಇಪ್ಪತ್ತರ ಒಳಗೆ, ಅದರಲ್ಲಿ ಹದಿಮೂರೋ ಹದಿನಾಲ್ಕೋ ಅದೇ ದಿನ ಮುಗಿಯಿತು. ಉಳಿದವು ಎಳೆದಾಡಿದವು. ರೇಟು ಏರಿಸಿಕೊಂಡವರು ಇಬ್ಬರೇ, ಹೆದರಿಸಿದ ಅಂಗಡಿಯವರಿಗೆ ಇದನ್ನು ಹೇಳಿದ್ದೇನೆ. ಫೋನಿನಲ್ಲಿ ಎದುರಿನವರ ವಾದವನ್ನು ನಾನೇ ಹೇಳಿದ ಮೇಲೆ ಕೇಳುವ ಒಂದು ಪ್ರಶ್ನೆ ಇದೆ, ಅದರಲ್ಲೇ ಅರ್ಧ ಜಗಳ ಇಳಿಯುತ್ತದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಬದಿಯಡ್ಕದಲ್ಲೇ ಇನ್ನೂ ನಾಲ್ಕು ಅಂಗಡಿ ಇವೆ.

ಮೊನ್ನೆ ಭಾವ ಗೋಣಿ ಮಾರುವವನ ಜೊತೆ ಅರ್ಧ ಗಂಟೆಯಿಂದ ಟೈಪು ಮಾಡುತ್ತಾ ಕೂತಿದ್ದ. ಒಮ್ಮೆಲೇ ಎದ್ದು, ನೆಟ್‌ವರ್ಕ್ ಸಿಗುವ ಹಲಸಿನ ಮರದ ಬುಡಕ್ಕೆ ಹೋಗಿ ಫೋನ್ ಕಿವಿಗಿಟ್ಟ. ನಾನು ನೋಡದ ಹಾಗೆ ಅಡಿಕೆ ಆರಿಸುತ್ತಾ ಇದ್ದೆ. ಪೆರ್ಲದವರಿಗೆ ನಾನೂ ದೀಪಾವಳಿಗೆ ಒಮ್ಮೆ ಮಾಡಿದ್ದೆ. ನನ್ನ ರೇಟಿನ ಸ್ಟೇಟಸ್ ದಿನಾ ನೋಡುತ್ತಾರೆ, ಫೋನ್ ಮಾತ್ರ ಎತ್ತಲಿಲ್ಲ.